ತಲೆಕೆಳಗಾದ ಬಡ್ಡಿಯ ರೇಖೆ

ಬ್ಯಾಂಕಿನಲ್ಲಿ ಠೇವಣಿ ಇಡಲು ಹೋದವರೆಲ್ಲ ಅಲ್ಲಿನ ಬಡ್ಡಿದರದ ಪಟ್ಟಿಯ ಮೇಲೆ ಕಣ್ಣಾಡಿಸಿಯೇ ಇರುತ್ತೀರಿ. ಹಣವನ್ನು ಹೆಚ್ಚು ಕಾಲ ಬಿಟ್ಟಷ್ಟೂ ಹೆಚ್ಚು ಬಡ್ಡಿ ಸಿಗಬೇಕು ಎಂಬುದು ನಮ್ಮ ಸಹಜವಾದ ಎಣಿಕೆ. ಆದರೆ 2023ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಪಟ್ಟಿ ನೋಡಿದವರಿಗೆ ಬೇರೆಯದೇ ಲೆಕ್ಕ ಕಂಡಿತು. 400 ದಿನಗಳ ಒಂದು ವಿಶೇಷ ಠೇವಣಿಗೆ ಶೇಕಡ 7.10 ಬಡ್ಡಿ. ಐದರಿಂದ ಹತ್ತು ವರ್ಷದ ಠೇವಣಿಗೆ ಶೇಕಡ 6.50. ಹತ್ತು ವರ್ಷ ಕಾಯುವವರಿಗೆ ಕಡಿಮೆ, ಹದಿಮೂರು ತಿಂಗಳು ಕಾಯುವವರಿಗೆ ಹೆಚ್ಚು.

ಬ್ಯಾಂಕಿನ ಕಡೆಯಿಂದ ಯೋಚಿಸಿದರೆ ಇದರ ಅರ್ಥ ಸುಲಭವಾಗಿ ತಿಳಿಯುತ್ತದೆ. ಬ್ಯಾಂಕಿಗೆ ಆಗ ಹಣ ಬೇಕಿತ್ತು, ಅದಕ್ಕಾಗಿ ಒಳ್ಳೆಯ ಬಡ್ಡಿ ಕೊಡಲು ತಯಾರಿತ್ತು. ಆದರೆ ಅಷ್ಟೇ ಬಡ್ಡಿಯನ್ನು ಹತ್ತು ವರ್ಷ ಕೊಡುತ್ತೇನೆಂದು ಬರೆದುಕೊಡಲು ಅದು ತಯಾರಿರಲಿಲ್ಲ. ಮುಂದೆ ದರಗಳು ಇಳಿಯುತ್ತವೆ ಎಂಬ ಅಂದಾಜು ಆ ಪಟ್ಟಿಯೊಳಗೇ ಅಡಗಿತ್ತು. ಇದೇ ಅಂದಾಜು ಅಮೆರಿಕ ಸರ್ಕಾರದ ಸಾಲಪತ್ರಗಳ ಪೇಟೆಯಲ್ಲಿ ಕಾಣಿಸಿಕೊಂಡಾಗ, ಜಗತ್ತಿನ ಹಣಕಾಸು ವಹಿವಾಟುದಾರರೆಲ್ಲ ಎಚ್ಚೆತ್ತು ಕೂರುತ್ತಾರೆ. ಅವರು ಅದನ್ನು ಯೀಲ್ಡ್ ಕರ್ವ್ ಇನ್ವರ್ಷನ್ ಎನ್ನುತ್ತಾರೆ. ನಾವು ಇಳುವರಿ ರೇಖೆ ತಲೆಕೆಳಗಾಗುವುದು ಎನ್ನೋಣ. ಅದು ಹೇಗೆ ಆಗುತ್ತದೆ, ಅದನ್ನು ಆರ್ಥಿಕ ಹಿಂಜರಿತದ ಮುನ್ಸೂಚನೆ ಎಂದು ಯಾಕೆ ನಂಬುತ್ತಾರೆ, ಆ ನಂಬಿಕೆ ಎಲ್ಲಿಯವರೆಗೆ ಸರಿ ಎಂಬುದೇ ಈ ಹೊತ್ತಿನ ಮಾತು.

ಅಮೆರಿಕ ಸರ್ಕಾರ ಸಾಲ ಎತ್ತುವಾಗ ಬೇರೆ ಬೇರೆ ಅವಧಿಯ ಪತ್ರಗಳನ್ನು ಹರಾಜು ಹಾಕುತ್ತದೆ. ಕೆಲವು ಮೂರು ತಿಂಗಳಲ್ಲಿ ತೀರುತ್ತವೆ, ಕೆಲವು ಎರಡು ವರ್ಷಕ್ಕೆ, ಕೆಲವು ಹತ್ತು ವರ್ಷಕ್ಕೆ, ಇನ್ನು ಕೆಲವು ಮೂವತ್ತು ವರ್ಷಕ್ಕೆ. ಕೊಂಡವರು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳಲೇಬೇಕೆಂದಿಲ್ಲ, ಪೇಟೆಯಲ್ಲಿ ಮಾರಬಹುದು. ಈ ಹೊತ್ತಿನ ಬೆಲೆಗೆ ಕೊಂಡು ಕೊನೆಯವರೆಗೂ ಇಟ್ಟುಕೊಂಡರೆ ವರ್ಷಕ್ಕೆ ಶೇಕಡ ಎಷ್ಟು ಸಿಗುತ್ತದೋ ಅದೇ ಇಳುವರಿ. ಇಲ್ಲಿ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಪತ್ರದ ಮೇಲಿನ ಬಡ್ಡಿ ಮೊದಲೇ ಗೊತ್ತಾದದ್ದು, ಬದಲಾಗದು. ಆದ್ದರಿಂದ ಪತ್ರದ ಬೆಲೆ ಏರಿದರೆ ಇಳುವರಿ ಇಳಿಯುತ್ತದೆ, ಬೆಲೆ ಇಳಿದರೆ ಇಳುವರಿ ಏರುತ್ತದೆ.

ಈಗ ಒಂದು ಹಾಳೆಯ ಮೇಲೆ ಎಡದಿಂದ ಬಲಕ್ಕೆ ಅವಧಿಗಳನ್ನು ಗುರುತು ಮಾಡಿ. ಎಡತುದಿಯಲ್ಲಿ ಮೂರು ತಿಂಗಳು, ಬಲತುದಿಯಲ್ಲಿ ಮೂವತ್ತು ವರ್ಷ. ಪ್ರತಿ ಅವಧಿಯ ಮೇಲೆ ಅದರ ಇಳುವರಿಯ ಎತ್ತರಕ್ಕೆ ಒಂದು ಚುಕ್ಕಿ ಇಟ್ಟು, ಚುಕ್ಕಿಗಳನ್ನು ಸೇರಿಸಿದರೆ ಇಳುವರಿ ರೇಖೆ ಸಿದ್ಧವಾಗುತ್ತದೆ. ಸಾಮಾನ್ಯ ಕಾಲದಲ್ಲಿ ಅದು ಬಲಕ್ಕೆ ಹೋದಂತೆ ಮೇಲೇರುತ್ತದೆ. ದೀರ್ಘಕಾಲ ಹಣ ಕಟ್ಟಿಹಾಕುವವರು ಹಣದುಬ್ಬರದ ಅಪಾಯಕ್ಕೂ, ನಡುವೆ ಮಾರಬೇಕಾದರೆ ಆಗಬಹುದಾದ ನಷ್ಟಕ್ಕೂ ಒಂದಿಷ್ಟು ಹೆಚ್ಚಿನ ಪ್ರತಿಫಲ ಕೇಳುತ್ತಾರೆ. ಎಡತುದಿ ಬಲತುದಿಗಿಂತ ಎತ್ತರಕ್ಕೆ ಹೋದಾಗ ರೇಖೆ ತಲೆಕೆಳಗಾಯಿತು ಎನ್ನುತ್ತೇವೆ. ಅದನ್ನು ಅಳೆಯಲು ಇಡೀ ರೇಖೆ ಬೇಕಿಲ್ಲ. ಹತ್ತು ವರ್ಷದ ಇಳುವರಿಯಿಂದ ಮೂರು ತಿಂಗಳ ಇಳುವರಿಯನ್ನು ಕಳೆಯುತ್ತಾರೆ, ಇಲ್ಲವೇ ಎರಡು ವರ್ಷದ್ದನ್ನು ಕಳೆಯುತ್ತಾರೆ. ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ತಲೆಕೆಳಗು.

ಈ ರೇಖೆಯ ಎರಡು ತುದಿಗಳನ್ನು ಹಿಡಿದಿರುವವರು ಬೇರೆ ಬೇರೆ. ಎಡತುದಿ ಹೆಚ್ಚುಕಡಿಮೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಹೇಳಿದಂತೆ ಕೇಳುತ್ತದೆ. ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ಪರಸ್ಪರ ಕೊಟ್ಟುಕೊಳ್ಳುವ ಸಾಲದ ದರವನ್ನು ಅದು ನಿಯಂತ್ರಿಸುತ್ತದೆ. ಮೂರು ತಿಂಗಳ ಪತ್ರ ಆ ದರದ ಬೆನ್ನಿಗೇ ನಡೆಯುತ್ತದೆ. ಬಲತುದಿ ಹಾಗಲ್ಲ. ಹತ್ತು ವರ್ಷದ ಇಳುವರಿಯನ್ನು ಯಾವ ಆದೇಶವೂ ನಿಗದಿ ಮಾಡುವುದಿಲ್ಲ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಬ್ಯಾಂಕುಗಳು, ಹೊರದೇಶದ ಕೇಂದ್ರ ಬ್ಯಾಂಕುಗಳು, ಬಾಂಡ್ ಪೇಟೆಯ ವಹಿವಾಟುದಾರರು ಕೊಂಡು ಮಾರುವುದರಿಂದ ಅದು ಹುಟ್ಟುತ್ತದೆ. ಅವರ ಮುಂದಿರುವ ಪ್ರಶ್ನೆ ಒಂದೇ: ಬರುವ ಹತ್ತು ವರ್ಷಗಳಲ್ಲಿ ಅಲ್ಪಾವಧಿ ದರ ಸರಾಸರಿ ಎಷ್ಟಿರಬಹುದು?

ಸಣ್ಣ ಲೆಕ್ಕ ನೋಡೋಣ. ಈಗ ಒಂದು ವರ್ಷದ ಪತ್ರಕ್ಕೆ ಶೇಕಡ 5 ಸಿಗುತ್ತಿದೆ. ಮುಂದಿನ ವರ್ಷ ಅಂಥದೇ ಪತ್ರಕ್ಕೆ ಶೇಕಡ 3 ಮಾತ್ರ ಸಿಗುತ್ತದೆ ಎಂದು ಪೇಟೆ ನಂಬಿದೆ ಎನ್ನೋಣ. ಹಾಗಿದ್ದರೆ ಎರಡು ವರ್ಷದ ಪತ್ರಕ್ಕೆ ಎಷ್ಟು ಸಿಗಬೇಕು? ಸರಿಸುಮಾರು ಇವೆರಡರ ಸರಾಸರಿ, ಅಂದರೆ ಶೇಕಡ 4. ಅದಕ್ಕಿಂತ ಹೆಚ್ಚಿದ್ದರೆ ಎಲ್ಲರೂ ಎರಡು ವರ್ಷದ ಪತ್ರಕ್ಕೆ ಮುಗಿಬಿದ್ದು ಬೆಲೆ ಏರಿಸುತ್ತಾರೆ, ಇಳುವರಿ ತಾನಾಗಿ ಇಳಿಯುತ್ತದೆ. ಹೀಗೆ ಮುಂದೆ ದರ ಇಳಿಯುತ್ತದೆಂಬ ನಂಬಿಕೆ ಬಲವಾದಾಗ ದೀರ್ಘಾವಧಿಯ ಇಳುವರಿ ಅಲ್ಪಾವಧಿಯದಕ್ಕಿಂತ ಕೆಳಗೆ ಜಾರುತ್ತದೆ. ತಲೆಕೆಳಗಾದ ರೇಖೆ ನೇರವಾಗಿ ಹೇಳುವುದು ಇಷ್ಟೇ: ಈಗಿನ ಬಡ್ಡಿದರ ಬಹಳ ಕಾಲ ಉಳಿಯದು, ಫೆಡ್ ಅದನ್ನು ಇಳಿಸಲಿದೆ.

ಕೈಯಲ್ಲಿ ಶೇಕಡ 5 ಸಿಗುತ್ತಿರುವಾಗ ಶೇಕಡ 4.6ಕ್ಕೆ ಹತ್ತು ವರ್ಷ ಕಟ್ಟಿಹಾಕಿಕೊಳ್ಳುವವರು ಯಾಕೆ ಇರುತ್ತಾರೆ ಎಂದು ನೀವು ಕೇಳಬಹುದು. ವಹಿವಾಟುದಾರರ ಲೆಕ್ಕ ಹೀಗಿರುತ್ತದೆ. 100 ಡಾಲರಿನ ಹತ್ತು ವರ್ಷದ ಪತ್ರ ಕೊಂಡರೆ, ಮೂರು ತಿಂಗಳ ಪತ್ರಕ್ಕೆ ಹೋಲಿಸಿ, ವರ್ಷಕ್ಕೆ 40 ಸೆಂಟು ಕಡಿಮೆ ಬರುತ್ತದೆ. ಅದು ಅವರು ತೆರುವ ಬೆಲೆ. ಆದರೆ ಆರ್ಥಿಕತೆ ಕುಸಿದು ಹತ್ತು ವರ್ಷದ ಇಳುವರಿ 4.6ರಿಂದ 3.6ಕ್ಕೆ ಇಳಿದರೆ, ಅವರ ಕೈಯಲ್ಲಿರುವ ಪತ್ರದ ಬೆಲೆ 108 ಡಾಲರು ದಾಟುತ್ತದೆ. ಮೂರು ತಿಂಗಳ ಪತ್ರ ಹಿಡಿದವರಿಗೆ ಈ ಲಾಭವಿಲ್ಲ. ಅವರ ಪತ್ರ ತೀರಿದಾಗ ಹೊಸ ಪತ್ರಕ್ಕೆ ಸಿಗುವುದು ಇಳಿದ ಬಡ್ಡಿ. ಕುಸಿತದ ಸಾಧ್ಯತೆ ಗಟ್ಟಿಯಾಗಿದೆ ಎನ್ನಿಸಿದಾಗ, ವರ್ಷಕ್ಕೆ 40 ಸೆಂಟು ಬಿಟ್ಟು 8 ಡಾಲರಿಗೆ ಕಾಯುವುದು ಜಾಣತನ. ಹಾಗೆ ಯೋಚಿಸುವವರ ಸಂಖ್ಯೆ ಹೆಚ್ಚಿದಷ್ಟೂ ರೇಖೆ ಇನ್ನಷ್ಟು ಬಾಗುತ್ತದೆ.

ಇದು ನಿಜವಾಗಿ ನಡೆದ ಬಗೆಯನ್ನು 2004ರಿಂದ 2008ರವರೆಗಿನ ಅಮೆರಿಕದಲ್ಲಿ ನೋಡಬಹುದು. 2004ರ ಜೂನ್ ತಿಂಗಳಲ್ಲಿ ಫೆಡ್ ತನ್ನ ದರವನ್ನು ಶೇಕಡ 1ರಿಂದ ಏರಿಸಲು ತೊಡಗಿತು. ಪ್ರತಿ ಸಭೆಯಲ್ಲೂ ಕಾಲು ಅಂಶ, ಹೀಗೆ ಸತತ 17 ಬಾರಿ. 2006ರ ಜೂನ್ ಹೊತ್ತಿಗೆ ದರ ಶೇಕಡ 5.25 ಮುಟ್ಟಿತು. ಎಡತುದಿ ನಾಲ್ಕು ಅಂಶಕ್ಕೂ ಹೆಚ್ಚು ಏರಿದರೂ ಬಲತುದಿ ಜೊತೆಗೆ ಏರಲಿಲ್ಲ. 2005ರ ಫೆಬ್ರವರಿಯಲ್ಲಿ ಫೆಡ್ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ಇದೊಂದು ಬಿಡಿಸಲಾಗದ ಒಗಟು ಎಂದು ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. 2006ರ ಬೇಸಿಗೆಯಲ್ಲಿ ಮೂರು ತಿಂಗಳ ಇಳುವರಿ ಹತ್ತು ವರ್ಷದ್ದನ್ನು ದಾಟಿತು. ಆ ವರ್ಷದ ಕೊನೆಗೆ ಮೂರು ತಿಂಗಳದ್ದು ಶೇಕಡ 5ರ ಹತ್ತಿರ, ಹತ್ತು ವರ್ಷದ್ದು 4.6ರ ಆಸುಪಾಸು. ಈಗಷ್ಟೇ ನಾವು ಮಾಡಿದ ಲೆಕ್ಕದ ಅಂಕಿಗಳು ಆ ದಿನಗಳವೇ.

ಆಗ ಎಲ್ಲರೂ ಗಾಬರಿಯಾದರು ಎಂದುಕೊಳ್ಳಬೇಡಿ. ಗ್ರೀನ್‌ಸ್ಪ್ಯಾನ್ ನಂತರ ಅಧ್ಯಕ್ಷರಾದ ಬೆನ್ ಬರ್ನಾಂಕಿ, ರೇಖೆ ಇನ್ನೂ ಚಪ್ಪಟೆಯಾಗುತ್ತಿದ್ದ 2006ರ ಮಾರ್ಚಿನಲ್ಲೇ, ಇದನ್ನು ದೊಡ್ಡ ಕುಸಿತದ ಸೂಚನೆ ಎಂದು ತಾವು ಭಾವಿಸುವುದಿಲ್ಲವೆಂದು ನ್ಯೂಯಾರ್ಕಿನ ಭಾಷಣವೊಂದರಲ್ಲಿ ಹೇಳಿದ್ದರು. ಅವರ ವಾದಕ್ಕೆ ಆಧಾರವಿತ್ತು. ಚೀನಾದಂಥ ದೇಶಗಳು ತಮ್ಮಲ್ಲಿ ಸೇರಿದ ಡಾಲರುಗಳನ್ನು ಅಮೆರಿಕದ ಸಾಲಪತ್ರಗಳಲ್ಲಿ ತೊಡಗಿಸುತ್ತಿದ್ದವು. ಆ ಬೇಡಿಕೆಯಿಂದಲೇ ದೀರ್ಘಾವಧಿಯ ಇಳುವರಿ ಇಳಿದಿರಬಹುದು, ಹಾಗಿದ್ದರೆ ಅದು ಭವಿಷ್ಯದ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂಬುದು ಆ ವಾದ. ಈ ಬಾರಿಯ ಕಾರಣ ಬೇರೆ ಎಂಬ ಮಾತು ಪ್ರತಿ ತಲೆಕೆಳಗಿನ ಕಾಲದಲ್ಲೂ ಕೇಳಿಬರುತ್ತದೆ. ಕೆಲವೊಮ್ಮೆ ಅದು ನಿಜವೂ ಆಗುತ್ತದೆ. 2006ರಲ್ಲಿ ಆಗಲಿಲ್ಲ.

ಮನೆಗಳ ಬೆಲೆ ಇಳಿಯತೊಡಗಿತು. ಗೃಹಸಾಲದ ಕಂತುಗಳು ನಿಂತವು. 2007ರ ಸೆಪ್ಟೆಂಬರಿನಲ್ಲಿ ಫೆಡ್ ಒಂದೇ ಏಟಿಗೆ ಅರ್ಧ ಅಂಶ ದರ ಇಳಿಸಿತು. ಆ ಡಿಸೆಂಬರಿನಲ್ಲಿ ಹಿಂಜರಿತ ಶುರುವಾಯಿತು. 2008ರ ಡಿಸೆಂಬರ್ ಹೊತ್ತಿಗೆ ಫೆಡ್ ದರ ಸೊನ್ನೆಯ ಹತ್ತಿರ, ಹತ್ತು ವರ್ಷದ ಇಳುವರಿ ಶೇಕಡ 2.25ರ ಸುಮಾರಿಗೆ ಬಂದಿತ್ತು. ವರ್ಷಕ್ಕೆ 40 ಸೆಂಟು ಬಿಟ್ಟುಕೊಟ್ಟು ಹತ್ತು ವರ್ಷದ ಪತ್ರ ಹಿಡಿದಿದ್ದವರ ಲೆಕ್ಕ ಫಲಿಸಿತು.

ಈ ಕಥೆಯಲ್ಲಿ ಗಮನಿಸಬೇಕಾದ ಎರಡು ದಿನಾಂಕಗಳಿವೆ. ಅಮೆರಿಕದಲ್ಲಿ ಹಿಂಜರಿತ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಅಧಿಕೃತವಾಗಿ ಹೇಳುವುದು ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್ ಎಂಬ ಸಂಸ್ಥೆಯ ಸಮಿತಿ. 2007ರ ಡಿಸೆಂಬರಿನಲ್ಲಿ ಹಿಂಜರಿತ ಶುರುವಾಯಿತೆಂದು ಆ ಸಮಿತಿ ಪ್ರಕಟಿಸಿದ್ದು 2008ರ ಡಿಸೆಂಬರ್ 1ರಂದು, ಅಂದರೆ ಪೂರ್ತಿ ಒಂದು ವರ್ಷದ ಮೇಲೆ. ಉತ್ಪಾದನೆ, ಉದ್ಯೋಗ, ವರಮಾನಗಳ ಅಂಕಿಅಂಶಗಳು ತಡವಾಗಿ ಬರುತ್ತವೆ, ಬಂದ ಮೇಲೂ ಮತ್ತೆ ಮತ್ತೆ ತಿದ್ದುಪಡಿಯಾಗುತ್ತವೆ. ಇಳುವರಿ ಹಾಗಲ್ಲ. ಅದು ಪೇಟೆ ತೆರೆದಿರುವಷ್ಟು ಹೊತ್ತೂ ಕಣ್ಣೆದುರಿಗಿರುತ್ತದೆ, ನಿನ್ನೆಯ ಇಳುವರಿಯನ್ನು ಇಂದು ಯಾರೂ ತಿದ್ದುವುದಿಲ್ಲ. ಬಾಯಿಮಾತಿನ ಅಭಿಪ್ರಾಯವನ್ನು ಯಾರು ಬೇಕಾದರೂ ಹೇಳಬಹುದು. ಇಳುವರಿಯ ಹಿಂದಿರುವುದು ಕೈಯಿಂದ ಹಾಕಿದ ಹಣ. ವಹಿವಾಟುದಾರರು ಅದಕ್ಕೆ ಅಷ್ಟು ಬೆಲೆ ಕೊಡಲು ಇದು ಮೊದಲ ಕಾರಣ.

ಎರಡನೆಯ ಕಾರಣ ಅದರ ದಾಖಲೆ. ಕ್ಯಾಂಬೆಲ್ ಹಾರ್ವೆ ಎಂಬ ಸಂಶೋಧಕರು 1986ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರೌಢಪ್ರಬಂಧದಲ್ಲಿ, ಇಳುವರಿ ರೇಖೆಯ ಇಳಿಜಾರಿಗೂ ಮುಂದಿನ ಆರ್ಥಿಕ ಬೆಳವಣಿಗೆಗೂ ನಂಟಿದೆಯೆಂದು ತೋರಿಸಿದರು. ಅವರ ಕೈಗೆ ಆಗ ಸಿಕ್ಕಿದ್ದು ನಾಲ್ಕು ಹಿಂಜರಿತಗಳ ಉದಾಹರಣೆ ಮಾತ್ರ. ವಿಜ್ಞಾನದ ದೃಷ್ಟಿಯಿಂದ ಅದು ಸಣ್ಣ ಆಧಾರವೇ. ಆದರೆ ಪ್ರಬಂಧ ಹೊರಬಂದ ಮೇಲೂ ಆ ನಂಟು ಕಡಿಯಲಿಲ್ಲ. 1990ರ, 2001ರ, 2007ರ ಹಿಂಜರಿತಗಳಿಗೆ ಮುಂಚೆ ರೇಖೆ ತಲೆಕೆಳಗಾಯಿತು. 2019ರಲ್ಲೂ ತಲೆಕೆಳಗಾಗಿ, 2020ರಲ್ಲಿ ಹಿಂಜರಿತ ಬಂತು. ಆದರೆ ಆ ಕೊನೆಯದನ್ನು ರೇಖೆಯ ಲೆಕ್ಕಕ್ಕೆ ಸೇರಿಸುವುದು ಪ್ರಾಮಾಣಿಕವಲ್ಲ. 2020ರಲ್ಲಿ ಕಾರ್ಖಾನೆ, ಅಂಗಡಿಗಳು ಮುಚ್ಚಿದ್ದು ಕೊರೊನಾ ಸೋಂಕಿನಿಂದ. ಅದನ್ನು ಬಾಂಡ್ ಪೇಟೆ ಹಿಂದಿನ ವರ್ಷವೇ ಕಂಡಿರಲು ಸಾಧ್ಯವಿರಲಿಲ್ಲ.

ಹಾರ್ವೆಯವರ ಅಳತೆಗೆ ಒಂದು ಷರತ್ತಿದೆ, ಸುದ್ದಿಗಳಲ್ಲಿ ಅದು ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಒಂದು ದಿನ, ಒಂದು ವಾರ ತಲೆಕೆಳಗಾದರೆ ಅವರು ಅದನ್ನು ಸಂಕೇತವೆಂದು ಒಪ್ಪುವುದಿಲ್ಲ. ಹತ್ತು ವರ್ಷದ ಮತ್ತು ಮೂರು ತಿಂಗಳ ಇಳುವರಿಗಳ ಅಂತರ ಇಡೀ ಮೂರು ತಿಂಗಳ ಸರಾಸರಿಯಲ್ಲಿ ಸೊನ್ನೆಗಿಂತ ಕೆಳಗಿರಬೇಕು. 2019ರ ಆಗಸ್ಟ್ 14ರಂದು ಎರಡು ವರ್ಷದ ಇಳುವರಿ ಹತ್ತು ವರ್ಷದ್ದನ್ನು ಸ್ವಲ್ಪ ಹೊತ್ತು ದಾಟಿತೆಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ 800 ಅಂಶ ಬಿತ್ತು. ಅದು ಪೇಟೆಯ ಹೆದರಿಕೆ ಎಷ್ಟೆಂದು ಹೇಳುತ್ತದೆ, ಸಂಕೇತ ಗಟ್ಟಿಯಾಯಿತೆಂದು ಹೇಳುವುದಿಲ್ಲ.

ಮೂರನೆಯ ಕಾರಣ ಇನ್ನೂ ಆಳವಾದದ್ದು. ತಲೆಕೆಳಗಾದ ರೇಖೆ ಮುಂದಿನದನ್ನು ಹೇಳುವುದಷ್ಟೇ ಅಲ್ಲದೆ, ಅದನ್ನು ತರುವುದರಲ್ಲಿ ಕೈಯನ್ನೂ ಜೋಡಿಸುತ್ತದೆ. ಬ್ಯಾಂಕಿನ ವ್ಯವಹಾರವೆಂದರೆ ಅಲ್ಪಾವಧಿಗೆ ಹಣ ತೆಗೆದುಕೊಂಡು ದೀರ್ಘಾವಧಿಗೆ ಸಾಲ ಕೊಡುವುದು. ಠೇವಣಿದಾರರು ಯಾವಾಗ ಬೇಕಾದರೂ ಹಣ ಕೇಳಬಹುದು. ಮನೆ ಸಾಲ ತೆಗೆದುಕೊಂಡವರು ತೀರಿಸುವುದು ಇಪ್ಪತ್ತು, ಮೂವತ್ತು ವರ್ಷಗಳಲ್ಲಿ. ಇವೆರಡರ ನಡುವಿನ ಬಡ್ಡಿಯ ಅಂತರವೇ ಬ್ಯಾಂಕಿನ ಗಳಿಕೆ. ರೇಖೆ ತಲೆಕೆಳಗಾದಾಗ ಹಣ ತರುವ ಖರ್ಚು ಸಾಲದಿಂದ ಬರುವ ಬಡ್ಡಿಯ ಮಟ್ಟಕ್ಕೆ ಏರುತ್ತದೆ. ಹೊಸ ಸಾಲದಲ್ಲಿ ಲಾಭವಿಲ್ಲವಾದರೆ ಬ್ಯಾಂಕು ಕೈ ಬಿಗಿ ಹಿಡಿಯುತ್ತದೆ, ಹೆಚ್ಚು ಭದ್ರತೆ ಕೇಳುತ್ತದೆ, ಅರ್ಜಿಗಳನ್ನು ವಾಪಸ್ಸು ಕಳಿಸುತ್ತದೆ. ಸಾಲ ಸಿಗದ ಸಣ್ಣ ಉದ್ಯಮ ಹೊಸ ಯಂತ್ರ ಕೊಳ್ಳುವುದನ್ನು ಮುಂದೂಡುತ್ತದೆ, ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂಜರಿತ ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಈ ಒತ್ತಡ ಎಷ್ಟು ನಿಜವೆಂದು 2023ರ ಮಾರ್ಚ್ 10ರಂದು ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕ್ ತೋರಿಸಿತು. ಬಡ್ಡಿ ತೀರ ಕಡಿಮೆಯಿದ್ದಾಗ ಆ ಬ್ಯಾಂಕು ತನ್ನ ಠೇವಣಿದಾರರ ಹಣದಲ್ಲಿ ದೊಡ್ಡ ಪಾಲನ್ನು ದೀರ್ಘಾವಧಿಯ ಸಾಲಪತ್ರಗಳಿಗೆ ಹಾಕಿತ್ತು. ಫೆಡ್ ದರ ಏರಿಸಿದಂತೆ ಆ ಪತ್ರಗಳ ಬೆಲೆ ಕುಸಿಯಿತು. ಇತ್ತ ಠೇವಣಿದಾರರು ಹಣ ವಾಪಸ್ಸು ಕೇಳತೊಡಗಿದರು. ಬ್ಯಾಂಕು ಸುಮಾರು 21 ಶತಕೋಟಿ ಡಾಲರಿನ ಪತ್ರಗಳನ್ನು 1.8 ಶತಕೋಟಿ ಡಾಲರ್ ನಷ್ಟಕ್ಕೆ ಮಾರಬೇಕಾಯಿತು. ಆ ಸುದ್ದಿ ಹೊರಬಿದ್ದ ಮರುದಿನ ಒಂದೇ ದಿನದಲ್ಲಿ 42 ಶತಕೋಟಿ ಡಾಲರ್ ಹಿಂತೆಗೆಯಲು ಜನ ಮುಂದಾದರು. ಅಲ್ಲಿ ಕೆಟ್ಟ ಸಾಲದ ಮಾತೇ ಇರಲಿಲ್ಲ. ಬ್ಯಾಂಕು ಹಿಡಿದಿದ್ದ ಪತ್ರಗಳಲ್ಲಿ ಅಮೆರಿಕ ಸರ್ಕಾರವೇ ತೀರಿಸುವವು ಇದ್ದವು. ಕೆಟ್ಟದ್ದು ಅವಧಿಗಳ ಹೊಂದಾಣಿಕೆ ಮಾತ್ರ.

ಇಷ್ಟೆಲ್ಲ ಆದ ಮೇಲೂ, 2022ರಲ್ಲಿ ಶುರುವಾಗಿದ್ದ ಆ ಬಾರಿಯ ತಲೆಕೆಳಗು ಹೇಳಿದ್ದು ನಡೆಯಲಿಲ್ಲ. ಈ ವಿಷಯದ ಅತ್ಯಂತ ಬೆಲೆಯುಳ್ಳ ಪಾಠ ಅಲ್ಲಿಯೇ ಇದೆ.

2022ರ ಮಾರ್ಚಿನಲ್ಲಿ ಸೊನ್ನೆಯ ಹತ್ತಿರವಿದ್ದ ದರವನ್ನು ಫೆಡ್ 2023ರ ಜುಲೈ ಹೊತ್ತಿಗೆ ಶೇಕಡ 5.25ರಿಂದ 5.50ರ ಮಟ್ಟಕ್ಕೆ ತಂದಿತು. ಎರಡು ವರ್ಷದ ಇಳುವರಿ 2022ರ ಜುಲೈನಲ್ಲಿ ಹತ್ತು ವರ್ಷದ್ದನ್ನು ದಾಟಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಮೇಲೆಯೇ ಉಳಿಯಿತು. 2023ರಲ್ಲಿ ಒಂದು ಹಂತದಲ್ಲಿ ಅಂತರ ಶೇಕಡ 1ನ್ನು ಮೀರಿತ್ತು. ಅಷ್ಟು ಆಳದ ತಲೆಕೆಳಗು 1980ರ ದಶಕದ ಆರಂಭದಿಂದೀಚೆಗೆ ಕಂಡಿರಲಿಲ್ಲ. ಹಿಂಜರಿತ ಖಚಿತವೆಂದು ಬಹಳ ಅರ್ಥಶಾಸ್ತ್ರಜ್ಞರು ಹೇಳಿದರು. 2024ರ ಸೆಪ್ಟೆಂಬರಿನಲ್ಲಿ ಆ ರೇಖೆ ಮತ್ತೆ ನೆಟ್ಟಗಾಯಿತು. ಅಷ್ಟರವರೆಗೂ ಅಮೆರಿಕದ ಆರ್ಥಿಕತೆ ಬೆಳೆಯುತ್ತಲೇ ಇತ್ತು.

ಯಾಕೆ ಹೀಗಾಯಿತು? ರೇಖೆ ನೇರವಾಗಿ ಹೇಳುವುದು ದರ ಇಳಿಯಲಿದೆ ಎಂದಷ್ಟೇ ಎಂದು ಆಗಲೇ ನೋಡಿದೆವು. ದರ ಇಳಿಯಲು ಕಾರಣ ಒಂದೇ ಆಗಬೇಕಿಲ್ಲ. ಆರ್ಥಿಕತೆ ಕುಸಿದರೆ ಅದನ್ನೆತ್ತಲು ಫೆಡ್ ದರ ಇಳಿಸುತ್ತದೆ. ಹಣದುಬ್ಬರ ತಾನಾಗಿ ತಗ್ಗಿದರೂ ಇಳಿಸುತ್ತದೆ, ಯಾಕೆಂದರೆ ಆಗ ಅಷ್ಟು ಎತ್ತರದ ದರ ಬೇಕಾಗುವುದಿಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇಕಡ 9.1 ಇತ್ತು. ಸೋಂಕಿನ ಕಾಲದಲ್ಲಿ ಕಡಿದುಹೋಗಿದ್ದ ಸರಬರಾಜು ಸರಿಹೋದಂತೆ, ತೈಲದ ಬೆಲೆ ಇಳಿದಂತೆ, ಒಂದೇ ವರ್ಷದಲ್ಲಿ ಅದು ಶೇಕಡ 3ಕ್ಕೆ ಬಂತು. ಪೇಟೆ ನಿರೀಕ್ಷಿಸಿದ ದರ ಇಳಿಕೆ ಕೊನೆಗೂ ಬಂತು, ಕುಸಿತದ ಜೊತೆಯಾಗಿ ಬರಲಿಲ್ಲ.

ಇನ್ನೊಂದು ಕಾರಣ ಸಾಲಗಾರರ ಮನೆಯಲ್ಲೇ ಇತ್ತು. ಅಮೆರಿಕದ ಗೃಹಸಾಲಗಳು ಹೆಚ್ಚಾಗಿ ಮೂವತ್ತು ವರ್ಷಕ್ಕೆ ಬದಲಾಗದ ಬಡ್ಡಿಯವು. 2020 ಮತ್ತು 2021ರಲ್ಲಿ ಶೇಕಡ 3ರ ಆಸುಪಾಸಿನ ಬಡ್ಡಿಗೆ ಲಕ್ಷಾಂತರ ಕುಟುಂಬಗಳು ತಮ್ಮ ಸಾಲವನ್ನು ಹೊಸದಾಗಿ ಬರೆಸಿಕೊಂಡಿದ್ದವು. ಅನೇಕ ದೊಡ್ಡ ಕಂಪನಿಗಳೂ ಹಾಗೆಯೇ ಮಾಡಿದ್ದವು. ಫೆಡ್ ದರ 5 ದಾಟಿದರೂ ಅವರ ಕಂತು ಬದಲಾಗಲಿಲ್ಲ. ಜೊತೆಗೆ 2008ರ ನಂತರ ಫೆಡ್ ತಾನೇ ದೀರ್ಘಾವಧಿಯ ಪತ್ರಗಳನ್ನು ರಾಶಿಗಟ್ಟಲೆ ಕೊಂಡಿತ್ತು. 2022ರಲ್ಲಿ ಅದರ ಆಸ್ತಿಪಟ್ಟಿ 9 ಲಕ್ಷ ಕೋಟಿ ಡಾಲರಿನ ಹತ್ತಿರ ಮುಟ್ಟಿತ್ತು. ಇದು ಬಲತುದಿಯನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಹಾಗೆ ಒತ್ತಿದ ರೇಖೆ ಹಿಂದಿನ ಕಾಲಕ್ಕಿಂತ ಸುಲಭವಾಗಿ ತಲೆಕೆಳಗಾಗುತ್ತದೆ. ಈ ಸಂಕೇತವನ್ನು ಲೋಕಕ್ಕೆ ತೋರಿಸಿದ ಹಾರ್ವೆಯವರೇ 2023ರ ಆರಂಭದಲ್ಲಿ, ಈ ಬಾರಿ ಅದು ಸುಳ್ಳಾಗಬಹುದು ಎಂದು ಎಚ್ಚರಿಸಿದ್ದರು. ಇಂಥ ತಪ್ಪು ಮೊದಲನೆಯದೂ ಅಲ್ಲ. 1966ರಲ್ಲಿಯೂ ರೇಖೆ ತಲೆಕೆಳಗಾಗಿತ್ತು. ಬೆಳವಣಿಗೆ ನಿಧಾನವಾಯಿತು, ಹಿಂಜರಿತ ಬರಲಿಲ್ಲ.

ನಮ್ಮ ದೇಶದಲ್ಲೂ ಇದನ್ನು ಕಂಡಿದ್ದೇವೆ. 2013ರ ಬೇಸಿಗೆಯಲ್ಲಿ ರೂಪಾಯಿಯ ಮೌಲ್ಯ ಕುಸಿಯತೊಡಗಿದಾಗ, ಅದನ್ನು ತಡೆಯಲು ರಿಸರ್ವ್ ಬ್ಯಾಂಕ್ ಜುಲೈ 15ರಂದು ಬ್ಯಾಂಕುಗಳು ತನ್ನಿಂದ ತುರ್ತಾಗಿ ಪಡೆಯುವ ಸಾಲದ ದರವನ್ನು ಒಮ್ಮೆಗೇ ಎರಡು ಅಂಶ ಏರಿಸಿ ಶೇಕಡ 10.25 ಮಾಡಿತು. 91 ದಿನಗಳ ಟ್ರೆಷರಿ ಬಿಲ್ಲಿನ ಇಳುವರಿ ಶೇಕಡ 11ರತ್ತ ಜಿಗಿಯಿತು. ಹತ್ತು ವರ್ಷದ ಸರ್ಕಾರಿ ಪತ್ರ ಅದಕ್ಕಿಂತ ಬಹಳ ಕೆಳಗೇ ಉಳಿಯಿತು. ರೇಖೆ ಪೂರ್ತಿ ತಲೆಕೆಳಗಾಯಿತು. ಆದರೆ ಅದು ಹಿಂಜರಿತವನ್ನು ಹೇಳುತ್ತಿರಲಿಲ್ಲ. ರೂಪಾಯಿ ಸ್ಥಿರವಾದ ಕೂಡಲೇ ಈ ಬಿಗಿ ಸಡಿಲವಾಗುತ್ತದೆ ಎಂಬುದಷ್ಟೇ ಪೇಟೆಯ ಅಂದಾಜಾಗಿತ್ತು. ಸೆಪ್ಟೆಂಬರಿನಿಂದ ರಿಸರ್ವ್ ಬ್ಯಾಂಕ್ ಹಾಗೆಯೇ ಸಡಿಲಿಸಿತು. ಭಾರತದಲ್ಲಿ ಬ್ಯಾಂಕುಗಳು ತಮ್ಮ ಠೇವಣಿಯ ಒಂದು ನಿಗದಿತ ಪಾಲನ್ನು, ಈಗಿನ ನಿಯಮದಂತೆ ಶೇಕಡ 18ನ್ನು, ಮುಖ್ಯವಾಗಿ ಸರ್ಕಾರಿ ಪತ್ರಗಳಲ್ಲಿ ಇಡಬೇಕು. ವಿಮಾ ಕಂಪನಿಗಳು, ಭವಿಷ್ಯನಿಧಿಗಳು ಕೂಡ ನಿಯಮದ ಪ್ರಕಾರ ಇವನ್ನು ಕೊಳ್ಳುತ್ತವೆ. ಕೊಳ್ಳಲೇಬೇಕಾದವರು ಹೆಚ್ಚಿರುವ ಪೇಟೆಯಲ್ಲಿ ಇಳುವರಿ ಭವಿಷ್ಯದ ಅಂದಾಜನ್ನು ಅಷ್ಟು ಶುದ್ಧವಾಗಿ ಹೇಳಲಾರದು. ಆದ್ದರಿಂದ ಅಮೆರಿಕದ ನಿಯಮವನ್ನು ಇಲ್ಲಿನ ರೇಖೆಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಹಾಗಾದರೆ ಮುಂದೊಮ್ಮೆ ರೇಖೆ ತಲೆಕೆಳಗಾಯಿತೆಂಬ ಸುದ್ದಿ ಬಂದಾಗ ಏನನ್ನು ನೋಡಬೇಕು? ಮೊದಲು, ಅದು ಎಷ್ಟು ಕಾಲ ನಿಂತಿದೆ ಎಂದು ನೋಡಿ. ಮೂರು ತಿಂಗಳು ನಿಲ್ಲದಿದ್ದರೆ ಅದಕ್ಕೆ ಹೆಚ್ಚು ತೂಕ ಕೊಡಬೇಕಿಲ್ಲ. ಎರಡನೆಯದಾಗಿ, ದರ ಇಳಿಯುತ್ತದೆಂದು ಪೇಟೆ ಯಾಕೆ ನಂಬಿದೆ ಎಂದು ಕೇಳಿ. ಹಣದುಬ್ಬರ ಇಳಿಯುತ್ತಿದೆ, ಉದ್ಯೋಗ ಗಟ್ಟಿಯಾಗಿದೆ ಎಂದಾದರೆ ಹಿಂಜರಿತ ಬಾರದೆ ಇರಬಹುದು. ಮೂರನೆಯದಾಗಿ, ಬ್ಯಾಂಕುಗಳು ಸಾಲ ಕೊಡುವುದನ್ನು ನಿಜವಾಗಿಯೂ ಬಿಗಿಮಾಡುತ್ತಿವೆಯೇ ಎಂದು ಗಮನಿಸಿ. ಫೆಡ್ ಮೂರು ತಿಂಗಳಿಗೊಮ್ಮೆ ಬ್ಯಾಂಕುಗಳ ಸಾಲ ವಿಭಾಗದ ಅಧಿಕಾರಿಗಳನ್ನು ಕೇಳಿ ಇದನ್ನು ಪ್ರಕಟಿಸುತ್ತದೆ. ರೇಖೆ ತಲೆಕೆಳಗಾಗಿ, ಬ್ಯಾಂಕುಗಳು ಕೈ ಬಿಗಿಹಿಡಿದು, ಉದ್ಯೋಗವೂ ಕಡಿಮೆಯಾಗತೊಡಗಿದರೆ ಆ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇನ್ನು, ರೇಖೆ ಮತ್ತೆ ನೆಟ್ಟಗಾಯಿತೆಂದು ನಿಟ್ಟುಸಿರು ಬಿಡುವುದು ಅವಸರವಾದೀತು. 2007ರಲ್ಲಿ ಹಿಂಜರಿತ ಶುರುವಾಗುವ ಹೊತ್ತಿಗೆ ರೇಖೆ ನೆಟ್ಟಗಾಗಿಬಿಟ್ಟಿತ್ತು. ಹಿಂದಿನ ಹಲವು ಹಿಂಜರಿತಗಳಲ್ಲೂ ಹಾಗೆಯೇ ಆಗಿದೆ. ಫೆಡ್ ಗಾಬರಿಯಿಂದ ದರ ಇಳಿಸಿದಾಗ ಎಡತುದಿ ಬೇಗ ಕುಸಿದು ರೇಖೆ ಸರಿಯಾದಂತೆ ಕಾಣುತ್ತದೆ. ಅದು ಸರಿಹೋದ ಕಾರಣವನ್ನೂ ಕೇಳಬೇಕು.

ಕೊನೆಯದಾಗಿ, ಉಳಿತಾಯದ ಹಣ ಹೂಡಿರುವ ಕೇಳುಗರಿಗೆ ಒಂದು ಮಾತು. ಈ ಸಂಕೇತ ದಿನಾಂಕ ಹೇಳುವುದಿಲ್ಲ. ತಲೆಕೆಳಗಾದುದಕ್ಕೂ ಹಿಂಜರಿತಕ್ಕೂ ನಡುವೆ ಆರು ತಿಂಗಳಿಂದ ಎರಡು ವರ್ಷದವರೆಗಿನ ಅಂತರ ಕಂಡಿದೆ. 2006ರ ಬೇಸಿಗೆಯಲ್ಲಿ ರೇಖೆ ತಲೆಕೆಳಗಾದ ಮೇಲೂ ಅಮೆರಿಕದ ಶೇರು ಪೇಟೆ ಒಂದು ವರ್ಷಕ್ಕೂ ಹೆಚ್ಚು ಕಾಲ ಏರುತ್ತಲೇ ಹೋಗಿ, 2007ರ ಅಕ್ಟೋಬರ್ 9ರಂದು ಶಿಖರ ಮುಟ್ಟಿತು. ಅಷ್ಟರಲ್ಲಿ ಸೂಚ್ಯಂಕ ಶೇಕಡ 20ಕ್ಕೂ ಹೆಚ್ಚು ಮೇಲೇರಿತ್ತು. ಆದ್ದರಿಂದ ಈ ಸುದ್ದಿ ಕೇಳಿ ಇದ್ದಬದ್ದ ಶೇರುಗಳನ್ನು ಮಾರಬೇಡಿ. ಅದರ ಬದಲು ಬಡ್ಡಿ ಏರಿಳಿಯುವ ಹೊಸ ಸಾಲವನ್ನು ತಲೆಯ ಮೇಲೆ ಎಳೆದುಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಕೆಲಸ ಹೋದರೂ ಆರು ತಿಂಗಳ ಮನೆಖರ್ಚು ನಡೆಯುವಷ್ಟು ಹಣ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ದೀರ್ಘಾವಧಿಗೆ ಹಣ ಇಡುವ ಉದ್ದೇಶವಿದ್ದರೆ, ಒಳ್ಳೆಯ ದರ ಇರುವಾಗಲೇ ಅದನ್ನು ಬರೆಸಿಕೊಳ್ಳಿ. ಹಿಂಜರಿತ ಬಂದರೂ ಬಾರದಿದ್ದರೂ ಈ ಮೂರರಿಂದ ನಿಮಗೆ ನಷ್ಟವಾಗುವುದಿಲ್ಲ.